ಗುಂಯ್ ಎಂದು ಜರ್ಕ್ ಹೊಡೆಯುವ ಹಬ್ ಮೋಟಾರ್: ಮೂರು ರಿಪೇರಿ ಮಾಡಿಸಿ ನೋಡಿದ ಹೋಲಿಕೆ

ಬೆಳಗಾವಿಯ ಮಳೆ ಗೊತ್ತಲ್ವಾ, ಜುಲೈನಲ್ಲಿ ಹಿಡಿದರೆ ಬಿಡುವ ಮಾತೇ ಇಲ್ಲ. ಅಂಥ ಒಂದು ವಾರ ಕಳೆದ ಮೇಲೆ ನಮ್ಮ ಬ್ಯಾಟರಿ ಗಾಡಿಗೆ ತೊಂದರೆ ಶುರುವಾಯಿತು. ಟಿಳಕವಾಡಿಯ ಮನೆ ಮುಂದೆ ನಿಲ್ಲಿಸಿ ರೇಸ್ ಕೊಟ್ಟರೆ ಹಿಂದಿನ ಚಕ್ರದಿಂದ 'ಗುಂಯ್' ಎಂಬ ಸದ್ದು. ಆಮೇಲೆ ಒಂದು ಜರ್ಕ್. ಮತ್ತೆ ಗುಂಯ್. ಕಾಲಿನಿಂದ ಸ್ವಲ್ಪ ತಳ್ಳಿದರೆ ಹೊರಡುತ್ತಿತ್ತು, ವೇಗ ಬಂದ ಮೇಲೆ ನಡುಗುತ್ತಾ ಓಡುತ್ತಿತ್ತು. 60 ವೋಲ್ಟಿನ, ನಿಧಾನ ಓಡುವ ಗಾಡಿ ಅದು. ಹೆಂಡತಿ ದಿನಾ ಶಾಲೆಗೆ ಹೋಗಿಬರುವುದು ಅದರಲ್ಲೇ.

ಇದಕ್ಕೆ ಮೂರು ದಾರಿಗಳನ್ನು ಜನ ಹೇಳುತ್ತಾರೆ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹಂಚುವ ಕಂಟ್ರೋಲರ್ ಬದಲಿಸುವುದು ಒಂದು. ಚಕ್ರ ಎಲ್ಲಿದೆ ಎಂದು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರ್ ಇಲ್ಲದೆಯೇ ಓಡಿಸುವುದು ಇನ್ನೊಂದು. ಮೋಟಾರ್ ಕೂತಿರುವ ಚಕ್ರದ ನಡುಭಾಗವಾದ ಹಬ್ ಬಿಚ್ಚಿ ಸೆನ್ಸರ್ ಹೊಸದು ಹಾಕುವುದು ಮೂರನೆಯದು. ಒಂದೇ ಗಾಡಿಯ ಮೇಲೆ ಮೂರನ್ನೂ ಮಾಡಿಸಿ, ಒಂದೊಂದನ್ನೂ ಕೆಲವು ದಿನ ಓಡಿಸಿ ನೋಡಿದ್ದೇನೆ.

ಮೊದಲು ಹೋದ ಗ್ಯಾರೇಜಿನಲ್ಲಿ ಮಿಸ್ತ್ರಿ ರೇಸ್ ಒಮ್ಮೆ ತಿರುವಿ, "ಕಂಟ್ರೋಲರ್ ಹೋಗೇತ್ರಿ ಸರ, ಬದ್ಲಿ ಮಾಡೂಣ" ಎಂದರು. ಒಪ್ಪಿದೆ. ಹೊಸದಕ್ಕೆ 2,400 ರೂಪಾಯಿ, ಕೂಲಿ 300. ಅರ್ಧ ಗಂಟೆಯಲ್ಲಿ ಕೂರಿಸಿದರು. ಸದ್ದು ಸ್ವಲ್ಪವೂ ಬದಲಾಗಲಿಲ್ಲ. ಮೋಟಾರಿನ ವೈರುಗಳ ಜೋಡಣೆಯನ್ನು ಕಂಟ್ರೋಲರ್ ತಾನೇ ಕಲಿತುಕೊಳ್ಳಲಿ ಎಂದು ಎರಡು ಬಿಳಿ ವೈರುಗಳನ್ನು ಸೇರಿಸುತ್ತಾರೆ. ಆಗ ಸ್ಟ್ಯಾಂಡಿನ ಮೇಲಿದ್ದ ಚಕ್ರ ಸರಾಗ ತಿರುಗಬೇಕು. ನಮ್ಮದು ಅಲ್ಲೇ ನಡುಗುತ್ತಾ ನಿಂತಿತು. ಹಳೆಯದರಲ್ಲೂ ಅದೇ, ಹೊಸದರಲ್ಲೂ ಅದೇ ಎಂದರೆ ತಪ್ಪು ಬೇರೆ ಕಡೆ ಇದೆ ಎಂದರ್ಥ.

ಕಂಟ್ರೋಲರ್ ನಿಜವಾಗಿಯೂ ಹೋಗಿದೆಯೇ ಎಂದು ಬದಲಿಸುವ ಮೊದಲೇ ನೋಡಬಹುದಿತ್ತು. ಅದಕ್ಕೆ 300 ರೂಪಾಯಿಯ ಮಲ್ಟಿಮೀಟರ್ ಸಾಕು. ಬ್ಯಾಟರಿಯ ಪ್ಲಗ್ ತೆಗೆದು ಒಳಗಿನ ಕೆಪ್ಯಾಸಿಟರ್ ಖಾಲಿಯಾಗುವ ತನಕ ಕಾಯಬೇಕು. ಮೋಟಾರಿಗೆ ಹೋಗುವ ಮೂರು ದಪ್ಪ ಫೇಸ್ ವೈರುಗಳನ್ನು ಬಿಡಿಸಬೇಕು. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಕಂಟ್ರೋಲರಿನ ಬ್ಯಾಟರಿ ಮೈನಸ್ಸಿಗೂ ಕಪ್ಪು ಕಡ್ಡಿಯನ್ನು ಒಂದೊಂದೇ ಫೇಸಿಗೂ ಹಿಡಿಯಬೇಕು. ಸುಮಾರು 0.4ರಿಂದ 0.5 ಬರುತ್ತದೆ. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಇರಬೇಕು. ನಂತರ ಕಪ್ಪನ್ನು ಪ್ಲಸ್ಸಿಗೆ, ಕೆಂಪನ್ನು ಫೇಸುಗಳಿಗೆ ಹಿಡಿದು ಇನ್ನೊಮ್ಮೆ ನೋಡಬೇಕು. ಎಲ್ಲಾದರೂ ಸೊನ್ನೆಯ ಹತ್ತಿರ ಬಂದರೆ ಒಳಗೆ ಕರೆಂಟನ್ನು ಆನ್-ಆಫ್ ಮಾಡುವ ಮಾಸ್ಫೆಟ್ ಶಾರ್ಟ್ ಆಗಿದೆ. ಹೀಗಾದಾಗ ಗಾಡಿ ಆಫ್ ಇದ್ದರೂ ಚಕ್ರ ಬಿಗಿಯಾಗಿ, ತಡೆತಡೆದು ತಿರುಗುತ್ತದೆ. ಫೇಸ್ ವೈರು ಬಿಡಿಸಿದ ಕೂಡಲೇ ಸಡಿಲವಾದರೆ ತಪ್ಪು ಕಂಟ್ರೋಲರಿನದು, ಆಗಲೂ ಬಿಗಿಯಾಗಿದ್ದರೆ ಮೋಟಾರಿನದು. ನಮ್ಮ ಗಾಡಿಯ ಚಕ್ರ ಮೊದಲಿನಿಂದಲೂ ಸಡಿಲವಾಗಿಯೇ ಇತ್ತು. ಹಳೆ ಕಂಟ್ರೋಲರನ್ನು ಆಮೇಲೆ ಅಳೆದಾಗ ಆರೂ ಅಂಕಿಗಳು ಸರಿ ಬಂದವು.

ಹಾಗಾದರೆ ಹಾಲ್ ಸೆನ್ಸರ್. ಮೋಟಾರಿನಿಂದ ಬರುವ ಸಣ್ಣ ಪ್ಲಗ್ಗಿನಲ್ಲಿ ಐದು ತೆಳು ವೈರುಗಳಿರುತ್ತವೆ. ಕೆಂಪು, ಕಪ್ಪಿನಲ್ಲಿ 5 ವೋಲ್ಟ್ ಹೋಗುತ್ತದೆ. ಹಳದಿ, ಹಸಿರು, ನೀಲಿಯಲ್ಲಿ ಸೆನ್ಸರುಗಳ ಸುದ್ದಿ ಬರುತ್ತದೆ. ಪ್ಲಗ್ ಹಾಕಿಟ್ಟು, ಗಾಡಿ ಆನ್ ಮಾಡಿ, ರೇಸ್ ಮುಟ್ಟದೆ, ಹಿಂದಿನಿಂದ ಕಡ್ಡಿ ತೂರಿಸಿ ನೋಡಿದೆ. ಕೆಂಪಿನಲ್ಲಿ 5 ವೋಲ್ಟ್ ಇತ್ತು. ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಂತೆ ಹಳದಿ 0 ಮತ್ತು 5ರ ನಡುವೆ ಹಾರಾಡಿತು, ಹಸಿರೂ ಹಾರಾಡಿತು. ನೀಲಿ ಮಾತ್ರ 4.9ರಲ್ಲಿ ನಿಂತೇ ಬಿಟ್ಟಿತು. ಕಡ್ಡಿ ಹಿಡಿಯುವಾಗ ಮಾತ್ರ ತುಂಬಾ ಜಾಗ್ರತೆ ಇರಲಿ. ಈ ತೆಳು ವೈರಿಗೆ ಪಕ್ಕದ ಫೇಸ್ ವೈರು ತಾಗಿದರೆ ಉಳಿದ ಸೆನ್ಸರುಗಳೂ ಸುಡುತ್ತವೆ.

ಒಂದೇ ಸೆನ್ಸರ್ ಹೋದರೆ ಇಷ್ಟೊಂದು ಜರ್ಕ್ ಯಾಕೆ ಎಂದು ಕೂತು ಲೆಕ್ಕ ಹಾಕಿದೆ. ಮೂರು ಸೆನ್ಸರುಗಳು ಸೇರಿ ಕಂಟ್ರೋಲರಿಗೆ ಆರು ಗುರುತು ಕೊಡುತ್ತವೆ: 101, 100, 110, 010, 011, 001. ಚಕ್ರ ಎಲ್ಲಿದೆ ಎಂದು ತಿಳಿದು ಯಾವ ಫೇಸಿಗೆ ಕರೆಂಟ್ ಕೊಡಬೇಕೆಂದು ನಿರ್ಧರಿಸುವುದು ಇದರಿಂದಲೇ. ಕೊನೆಯ ಅಂಕಿ ಯಾವಾಗಲೂ 1 ಆಗಿ ಅಂಟಿಕೊಂಡರೆ 100 ಇದ್ದದ್ದು 101 ಎಂದು ಕಾಣುತ್ತದೆ, 010 ಇದ್ದದ್ದು 011 ಎಂದು ಕಾಣುತ್ತದೆ. ಅಲ್ಲಿ ತಪ್ಪು ಫೇಸಿಗೆ ಕರೆಂಟ್ ಹೋಗುತ್ತದೆ. 110 ಇದ್ದಲ್ಲಿ 111 ಬರುತ್ತದೆ. ಅಂಥ ಗುರುತೇ ಇಲ್ಲ, ಹಾಗಾಗಿ ಕಂಟ್ರೋಲರ್ ಕೈಬಿಡುತ್ತದೆ. ಆರರಲ್ಲಿ ಮೂರು ಜಾಗ ಮಾತ್ರ ಸರಿ.

ನಮ್ಮ ಹಬ್ಬಿನಲ್ಲಿ 46 ಮ್ಯಾಗ್ನೆಟ್ಟುಗಳಿವೆ, ಅಂದರೆ 23 ಜೋಡಿ. ಚಕ್ರ ಒಂದು ಸುತ್ತು ಬಂದರೆ ಈ ಆರು ಗುರುತುಗಳು 23 ಸಲ ಬಂದುಹೋಗುತ್ತವೆ. ಟೈರಿನ ಸುತ್ತಳತೆ ಸುಮಾರು 130 ಸೆಂಟಿಮೀಟರ್. ಹಾಗಾಗಿ ಒಂದೊಂದು ಗುರುತಿಗೆ ನೆಲದ ಮೇಲೆ ಸಿಗುವುದು ಹತ್ತಿರಹತ್ತಿರ ಒಂದು ಸೆಂಟಿಮೀಟರ್. ಗಾಡಿ ಕೆಲವೊಮ್ಮೆ ಸರಿಯಾಗಿ ಹೊರಡುತ್ತಿತ್ತು, ಕೆಲವೊಮ್ಮೆ ಇಲ್ಲ. ಬೆರಳಷ್ಟು ಮುಂದೆ ತಳ್ಳಿದರೆ ಸಾಕಾಗುತ್ತಿತ್ತು. ಅದೆಲ್ಲ ಯಾಕೆಂದು ಆಗ ಅರ್ಥವಾಯಿತು.

ಹಬ್ ಬಿಚ್ಚುವುದು ದೊಡ್ಡ ಕೆಲಸ. ಅದಕ್ಕೆ ಮುಂಚೆ ಎರಡನೆಯ ದಾರಿ ನೋಡಿದೆ. ಹೊಸ ಕಂಟ್ರೋಲರ್ ಎರಡೂ ಬಗೆಯದು, ಸೆನ್ಸರ್ ಇದ್ದರೂ ಓಡಿಸುತ್ತದೆ, ಇಲ್ಲದಿದ್ದರೂ ಓಡಿಸುತ್ತದೆ. ಆದರೆ ಹಾಲ್ ಪ್ಲಗ್ ಹಾಕಿದ್ದರೆ ಅದು ಸೆನ್ಸರಿನ ಮಾತನ್ನೇ ನಂಬುತ್ತದೆ. ಪ್ಲಗ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಹೊರಟೆ. ಖರ್ಚು ಏನೂ ಇಲ್ಲ, ಎರಡು ನಿಮಿಷದ ಕೆಲಸ. ಸಮತಟ್ಟು ರಸ್ತೆಯಲ್ಲಿ ನಿಜಕ್ಕೂ ಖುಷಿಯಾಯಿತು. ಹೊರಡುವಾಗ ಒಂದು ಸಣ್ಣ ನಡುಕ, ಅಷ್ಟೇ. ಓಡುವಾಗಿನ ನಡುಕ ಪೂರ್ತಿ ಹೋಗಿತ್ತು.

ಕಷ್ಟ ಗೊತ್ತಾಗಿದ್ದು ಕಪಿಲೇಶ್ವರ ಓವರ್‌ಬ್ರಿಡ್ಜ್ ಮೇಲೆ. ಹೆಂಡತಿ ಹಿಂದೆ ಕೂತಿದ್ದಳು. ಏರಿನ ನಡುವೆ ಟ್ರಾಫಿಕ್ ನಿಂತಿತು, ನಾನೂ ನಿಂತೆ. ಮುಂದಿನ ಗಾಡಿ ಸರಿದಾಗ ರೇಸ್ ಕೊಟ್ಟರೆ ಚಕ್ರ ಹಿಂದೆಮುಂದೆ ಅಲುಗಾಡಿತೇ ಹೊರತು ಏರಲಿಲ್ಲ. ಅವಳು ಇಳಿದು ನಡೆದಳು, ನಾನು ಕಾಲಿನಿಂದ ತಳ್ಳಿಕೊಂಡು ಹೋದೆ. ಮನೆಗೆ ಬಂದು ಮುಟ್ಟಿ ನೋಡಿದರೆ ಫೇಸ್ ವೈರುಗಳು ಬಿಸಿಯಾಗಿದ್ದವು. ಸೆನ್ಸರ್ ಇಲ್ಲದಾಗ ಕಂಟ್ರೋಲರ್ ಚಕ್ರದ ಜಾಗ ತಿಳಿಯುವುದು ತಿರುಗುವ ಮೋಟಾರ್ ತಾನೇ ಹುಟ್ಟಿಸುವ ವೋಲ್ಟೇಜಿನಿಂದ. ನಿಂತ ಚಕ್ರದಲ್ಲಿ ಅದು ಇರುವುದಿಲ್ಲ. ಹಾಗಾಗಿ ಶುರುವಿಗೆ ಅಂದಾಜಿನ ಮೇಲೆ ಕರೆಂಟ್ ಕೊಟ್ಟು ನೋಡುತ್ತದೆ. ಭಾರವಿದ್ದು ಏರೂ ಇದ್ದರೆ ಆ ಅಂದಾಜು ತಪ್ಪುತ್ತದೆ. ದಾರಿಯಲ್ಲಿ ಸೆನ್ಸರ್ ಕೈಕೊಟ್ಟಾಗ ಮನೆ ಸೇರಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ದಿನಾ ಓಡಿಸಲು, ಅದರಲ್ಲೂ ಇಬ್ಬರು ಕೂರುವ ಗಾಡಿಗೆ, ನಾನು ಇದನ್ನು ಒಪ್ಪುವುದಿಲ್ಲ.

ಕೊನೆಗೆ ಹಬ್ ಬಿಚ್ಚಿದೆವು. ಶಹಾಪುರದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಕಾಕಾ ಒಬ್ಬರು, "ಮೂರೂ ಹಾಕಿಬಿಡೂಣ್ರಿ, ಒಂದ್ ಹೋಗಿದ್ರ ಉಳಿದೆರಡೂ ಅಷ್ಟ ನೀರು ಕುಡದಿರ್ತಾವ" ಎಂದರು. ಅದೇ ಸರಿ ಎಂದು ನನಗೂ ಅನ್ನಿಸಿತು. ಚಕ್ರ ತೆಗೆಯುವಾಗ ಆಕ್ಸಲಿನ ವಾಷರುಗಳು ಯಾವ ಕ್ರಮದಲ್ಲಿವೆ ಎಂದು ಫೋಟೋ ತೆಗೆದಿಟ್ಟೆ. ಮುಚ್ಚಳಕ್ಕೂ ಹಬ್ಬಿಗೂ ಒಂದೇ ಗೆರೆ ಎಳೆದು ಸ್ಕ್ರೂ ಬಿಚ್ಚಿದರು. ಸುರುಳಿಗಳಿರುವ ಒಳಭಾಗವಾದ ಸ್ಟೇಟರ್ ಹೊರಗೆ ಎಳೆಯುವಾಗ ಮ್ಯಾಗ್ನೆಟ್ ಬಲವಾಗಿ ಸೆಳೆಯುತ್ತದೆ, ಬೆರಳು ನಡುವೆ ಸಿಗಬಾರದು.

ಒಳಗೆ ತುಕ್ಕಿನ ಕೆಂಪು ನೀರು ಒಣಗಿದ ಕಲೆ. ಸ್ಟೇಟರಿನ ಅಂಚಿನಲ್ಲಿ, ತಾಮ್ರದ ಸುರುಳಿಗಳ ನಡುವೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಮೂರು ಕಪ್ಪು ಚೂರುಗಳು, ಅವೇ ಸೆನ್ಸರುಗಳು, ಮೇಲೆ `41F` ಎಂದು ಬರೆದಿತ್ತು. ಮೂರನೆಯದರ ಒಂದು ಕಾಲು ಹಸಿರುಗಟ್ಟಿ ತುಂಡಾಗಿತ್ತು. ಇಲ್ಲಿ ಒಂದು ವಿಷಯ. ಸೆನ್ಸರಿನ ಸುದ್ದಿ ತರುವ ವೈರನ್ನು 5 ವೋಲ್ಟ್‌ಗೆ ಎತ್ತಿ ಹಿಡಿಯುವ ರೆಸಿಸ್ಟರ್ ಇರುವುದು ಕಂಟ್ರೋಲರಿನೊಳಗೆ. ಸೆನ್ಸರ್ ಸತ್ತರೂ ಮೀಟರಿನಲ್ಲಿ 5 ಕಾಣಬಹುದು, ಬರೀ ವೈರು ತುಂಡಾದರೂ 5 ಕಾಣುತ್ತದೆ. ಅದಕ್ಕೇ ಹೊಸದು ಹಾಕುವ ಮೊದಲು ಪ್ಲಗ್ಗಿನಿಂದ ಸೆನ್ಸರಿನ ಕಾಲಿನ ತನಕ ಒಂದೊಂದು ವೈರನ್ನೂ ಬೀಪ್ ಹಾಕಿ ನೋಡಿದರು. ಆಕ್ಸಲಿನೊಳಗೆ ಹೋಗುವ ಜಾಗದಲ್ಲಿ ವೈರು ಬಾಗಿ ಕತ್ತರಿಸುವುದು ಜಾಸ್ತಿಯಂತೆ. ನಮ್ಮದು ಅಲ್ಲಿ ಚೆನ್ನಾಗಿತ್ತು.

ಅಕ್ಷರವಿರುವ ಮುಖ ಹಳೆಯದು ಯಾವ ಕಡೆ ಇತ್ತೋ ಹೊಸದೂ ಅದೇ ಕಡೆ. ತಿರುಗಿಸಿ ಹಾಕಿದರೆ ಆ ಸೆನ್ಸರಿನ 0, 1 ಅದಲುಬದಲಾಗಿ ಬರೀ ಜರ್ಕ್ ಉಳಿಯುತ್ತದೆ. ಒಂದೊಂದು ಕಾಲಿಗೂ ಸ್ಲೀವ್ ಹಾಕಿ, ಬೇಗಬೇಗ ಬೆಸುಗೆ ಹಾಕಿ, ಎರಡು ಟ್ಯೂಬಿನ ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಒಂದು ರಾತ್ರಿ ಬಿಟ್ಟರು. ಸೆನ್ಸರ್, ಅಂಟು ಸೇರಿ 150 ರೂಪಾಯಿ ಒಳಗೆ, ಕೂಲಿ 900, ಗಾಡಿ ಎರಡು ದಿನ ಇಲ್ಲ. ಮರುದಿನ ಅದೇ ಓವರ್‌ಬ್ರಿಡ್ಜ್ ಏರಿನ ನಡುವೆ ಬೇಕೆಂದೇ ನಿಲ್ಲಿಸಿ, ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಸದ್ದಿಲ್ಲದೆ ಏರಿತು. ಮೂರರಲ್ಲಿ ನನ್ನ ಮತ ಇದಕ್ಕೇ, ಆದರೆ ಮೀಟರಿನಲ್ಲಿ ಒಂದು ವೈರು ನಿಂತದ್ದು ಕಂಡ ಮೇಲೆ ಮಾತ್ರ.

ಯಾಕೆಂದರೆ ಇದೇ ಗುಂಯ್ ಪಕ್ಕದ ಮನೆಯವರ ಗಾಡಿಗೂ ಬಂತು. ಹಬ್ ಬಿಚ್ಚಿಸಲು ಹೊರಟಿದ್ದರು. ಅಳೆದರೆ ಮೂರೂ ಸೆನ್ಸರುಗಳು ಚೆನ್ನಾಗಿ ಹಾರಾಡುತ್ತಿದ್ದವು. ಅವರ ಗಾಡಿಯಲ್ಲಿ ಒಂದು ವ್ಯತ್ಯಾಸ ಇತ್ತು: ತಳ್ಳಿ ಹೊರಟ ಮೇಲೂ ಶಕ್ತಿಯೇ ಇರಲಿಲ್ಲ. ಒಂದು ಫೇಸ್ ಕಡಿದರೆ ಆರು ಹೆಜ್ಜೆಗಳಲ್ಲಿ ಕೆಲಸ ಮಾಡುವುದು ಎರಡೇ, ಅದಕ್ಕೇ ವೇಗದಲ್ಲೂ ಒದ್ದಾಟ. ಮೋಟಾರಿನ ಕಡೆ ಮೂರು ಫೇಸ್ ವೈರುಗಳನ್ನು ಬಿಡಿಸಿ, ಎರಡೆರಡನ್ನು ತಾಗಿಸಿ ಚಕ್ರ ತಿರುಗಿಸಿದೆ. ಮೂರು ಜೋಡಿಯಲ್ಲೂ ಒಂದೇ ಬಿಗಿ. ಸಾಮಾನ್ಯ ಮೀಟರಿನ ಓಮ್ ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಸುರುಳಿಯ ರೆಸಿಸ್ಟೆನ್ಸ್ ಅಷ್ಟು ಕಡಿಮೆ. ಈ ಬಿಗಿಯ ಪರೀಕ್ಷೆಯೇ ವಾಸಿ. ಅಂದರೆ ಸುರುಳಿ ಸರಿ ಇದೆ. ಉಳಿದದ್ದು ಜೋಡಣೆ. ಹಳದಿ ವೈರಿನ ಬುಲೆಟ್ ಕನೆಕ್ಟರಿನ ಸ್ಲೀವ್ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಸರಿಸಿದರೆ ಒಳಗೆ ಕರಕಲು. ಕತ್ತರಿಸಿ, ಹೊಳೆಯುವ ತಾಮ್ರ ಸಿಗುವ ತನಕ ಸುಲಿದು, ಲಗ್ ಒತ್ತಿ ಬೋಲ್ಟ್ ಹಾಕಿ ಬಿಗಿ ಮಾಡಿದೆವು. 60 ರೂಪಾಯಿಯಲ್ಲಿ ಮುಗಿಯಿತು.

ನಮ್ಮ ಹಬ್ಬಿಗೆ ನೀರು ಹೋದದ್ದು ಹೇಗೆ ಎಂಬುದೂ ಆಮೇಲೆ ಸಿಕ್ಕಿತು. ವೈರಿನ ಕಟ್ಟು ಸೀಟಿನ ಕೆಳಗಿನಿಂದ ಇಳಿಜಾರಾಗಿ ನೇರ ಆಕ್ಸಲಿಗೆ ಬರುತ್ತಿತ್ತು, ಮಳೆನೀರು ಅದರ ಗುಂಟ ಹರಿದು ಒಳಗೆ ಸೇರುತ್ತಿತ್ತು. ಈಗ ವೈರು ಆಕ್ಸಲಿಗಿಂತ ನಾಲ್ಕು ಬೆರಳು ಕೆಳಗೆ ಇಳಿದು, ಬಾಗಿ, ಮೇಲೇರಿ ಒಳಹೋಗುವಂತೆ ಟೈ ಹಾಕಿದ್ದೇವೆ. ಮಳೆಯಲ್ಲಿ ಬಂದು ನಿಲ್ಲಿಸಿದಾಗ ಆ ಬಾಗಿನ ತುದಿಯಿಂದ ನೀರು ತೊಟ್ಟಿಕ್ಕುವುದು ಕಾಣುತ್ತದೆ.