ಒಂದೇ ಟೇಬಲ್ಲೋ, ಐದು ಟೇಬಲ್ಲೋ: ಗಂಜ್‌ನ ತೊಗರಿ ಪಟ್ಟಿ ಮೇಲೆ ಮಾಡಿ ನೋಡಿದ್ದು

ಕಳೆದ ತಿಂಗಳು ಕಲಬುರಗಿಯ ಒಂದು ಕಾಲೇಜಿನಲ್ಲಿ ಬಿಸಿಎ ಹುಡುಗರಿಗೆ ಡೇಟಾಬೇಸ್ ವಿನ್ಯಾಸದ ಬಗ್ಗೆ ಒಂದು ಗಂಟೆ ಮಾತಾಡಿ ಬಂದೆ. ಉದಾಹರಣೆಗೆ ತೋರಿಸಿದ್ದು ನಾನೇ ಬರೆದ ಲೆಕ್ಕದ ಸಾಫ್ಟ್‌ವೇರು. ನೆಹರು ಗಂಜ್‌ನಲ್ಲಿ ನಮ್ಮ ಮಾವನ ಅಡತ ಅಂಗಡಿ ಇದೆ. ರೈತ ತೊಗರಿ ತರುತ್ತಾನೆ, ತೂಕ ಆಗುತ್ತದೆ, ದರ ನಿಲ್ಲುತ್ತದೆ, ಪಟ್ಟಿ ಬರೆದು ಕೈಗೆ ಕೊಡುತ್ತೇವೆ. ಇಡೀ ಡೇಟಾಬೇಸ್ ಆ ಒಂದು ಪಟ್ಟಿಯ ಸುತ್ತಲೇ ತಿರುಗುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆ ಶುರುವಾದವು. ಮೊದಲನೆಯದು ನಾನು ಕಾಯುತ್ತಿದ್ದದ್ದೇ: "ಸರ್, ನಾರ್ಮಲೈಸ್ ಅಂತ ಹೇಳಿ ಇಷ್ಟು ಟೇಬಲ್ ಒಡದ್ರ ಕ್ವೆರಿ ಸ್ಲೋ ಆಗಂಗಿಲ್ಲೇನ್ರಿ?" ಎರಡನೆಯದು: "ಮೊಬೈಲ್ ನಂಬರ್ ಇದ್ದಾಗ ಬ್ಯಾರೆ ಐಡಿ ಯಾಕ್ರಿ ಬೇಕು?" ಎರಡಕ್ಕೂ ಪುಸ್ತಕದ ಉತ್ತರ ಕೊಟ್ಟೆ. ಹುಡುಗರು ತಲೆಯಾಡಿಸಿದರು, ಆದರೆ ನನಗೇ ಸಮಾಧಾನ ಆಗಲಿಲ್ಲ. ಸುಮ್ನೆ ಹೇಳುವುದಕ್ಕಿಂತ ಅಳೆದು ನೋಡಿದರಾಯ್ತು ಅಂತ ಆ ಭಾನುವಾರ ಕೂತೆ.

ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಮಾಹಿತಿಯನ್ನು ಮೂರು ರೀತಿ ಇಟ್ಟೆ. ಮೊದಲನೆಯದು ಒಂದೇ ದೊಡ್ಡ ಟೇಬಲ್: ರೈತನ ಹೆಸರು, ಮೊಬೈಲ್, ಊರು, ತಾಲೂಕು, ತಾರೀಖು, ಮಾಲು, ಚೀಲ, ತೂಕ, ದರ ಎಲ್ಲ ಪ್ರತಿ ಸಾಲಿನಲ್ಲೂ. ಎಕ್ಸೆಲ್ ಹಾಳೆ ಇದ್ದ ಹಾಗೆ. ಎರಡನೆಯದರಲ್ಲಿ ಅದನ್ನೇ ಒಡೆದು ತಾಲೂಕು, ಊರು, ರೈತ, ಪಟ್ಟಿ, ಪಟ್ಟಿಯ ಸಾಲು ಅಂತ ಐದು ಟೇಬಲ್ ಮಾಡಿದೆ, ಅಂದರೆ ಥರ್ಡ್ ನಾರ್ಮಲ್ ಫಾರ್ಮ್. ಮೂರನೆಯದು ಅದೇ ಐದು ಟೇಬಲ್, ಜೊತೆಗೆ ತಾಲೂಕುವಾರು ತಿಂಗಳ ಮೊತ್ತ ಮೊದಲೇ ಕೂಡಿಸಿಟ್ಟ ಒಂದು ಸಾರಾಂಶ.

ಅಂಗಡಿಯ ನಿಜವಾದ ಲೆಕ್ಕ ಸುಮಾರು 60,000 ಸಾಲು. ಅಷ್ಟಕ್ಕೆ ಹೇಗೆ ಬರೆದರೂ ನಿಧಾನ ಅನಿಸುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ವ್ಯತ್ಯಾಸ ಕಾಣಲಿ ಅಂತ ನಕಲಿ ಸಾಲು ಸೇರಿಸಿ 20 ಲಕ್ಷಕ್ಕೆ ಏರಿಸಿದೆ. ಪ್ರತಿ ಕ್ವೆರಿಯನ್ನು ಐದು ಸಲ ಓಡಿಸಿ ನಡುವಿನ ಸಮಯ ಬರೆದುಕೊಂಡೆ. ನನ್ನ ಲ್ಯಾಪ್‌ಟಾಪ್ ಹಳೆಯದು, ನಿಮ್ಮಲ್ಲಿ ಅಂಕಿ ಬೇರೆ ಬರುತ್ತವೆ. ನೋಡಬೇಕಾದದ್ದು ಯಾವುದು ಎಷ್ಟು ಪಟ್ಟು ಅನ್ನುವುದನ್ನು.

| ಕೇಳಿದ್ದು | ಒಂದೇ ಟೇಬಲ್ | ಐದು ಟೇಬಲ್ | ಐದು + ಸಾರಾಂಶ |
|---|---|---|---|
| ಒಬ್ಬ ರೈತನ ಎಲ್ಲ ಪಟ್ಟಿ, ಇಂಡೆಕ್ಸ್ ಇಲ್ಲದೆ | 340 ಮಿ.ಸೆ. | 190 | 190 |
| ಅದೇ, ಇಂಡೆಕ್ಸ್ ಹಾಕಿ | 1 | 2 | 2 |
| ಯಾವ ಮಾಲು ಒಟ್ಟು ಎಷ್ಟು | 390 | 210 | 210 |
| ತಾಲೂಕುವಾರು, ತಿಂಗಳುವಾರು ತೂಕ | 480 | 910 | 3 |

ನನಗೆ ಅಚ್ಚರಿ ಆದದ್ದು ಮೂರನೆಯ ಸಾಲು. ಜಾಯಿನ್ ಇಲ್ಲದ ಒಂದೇ ಟೇಬಲ್ ಗೆಲ್ಲಬೇಕಿತ್ತು ಅಲ್ವಾ? ಕಾರಣ ಹುಡುಕಿದಾಗ ಸಿಕ್ಕಿದ್ದು ಅಕ್ಷರಗಳ ಭಾರ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. "ಯಡ್ರಾಮಿ" ಅಂತ ಬರೆದರೆ ಯ, ಡ, ವಿರಾಮ, ರ, ದೀರ್ಘ, ಮ, ಗುಡಿಸು ಸೇರಿ 7 ಚಿಹ್ನೆ, 21 ಬೈಟ್. ಅದರ ಬದಲು ತಾಲೂಕಿನ ಐಡಿ ಇಟ್ಟರೆ 4 ಬೈಟ್ ಸಾಕು. ಹೆಸರು, ಊರು, ತಾಲೂಕು ಮೂರೂ 20 ಲಕ್ಷ ಸಲ ಬರೆದದ್ದರಿಂದ ದೊಡ್ಡ ಟೇಬಲ್ 420 ಎಂಬಿ ಆಗಿತ್ತು. ಐದು ಟೇಬಲ್ ಸೇರಿಸಿದರೂ 200 ಎಂಬಿ ಸುತ್ತಮುತ್ತ. ಪೋಸ್ಟ್‌ಗ್ರೆಸ್ ಸಾಲನ್ನು ಇಡಿಯಾಗಿ ಒಂದೆಡೆ ಇಡುತ್ತದೆ. ನಮಗೆ ಬೇಕಾದದ್ದು ತೂಕ ಒಂದೇ ಆದರೂ ಪಕ್ಕದಲ್ಲಿರುವ ಹೆಸರನ್ನೂ ಹೊತ್ತುಕೊಂಡೇ ಓದಬೇಕು. ತೆಳ್ಳಗಿನ ಸಾಲು ಇದ್ದರೆ ಓದುವ ಪುಟಗಳೇ ಕಡಿಮೆ.

ಕೊನೆಯ ಸಾಲಿನಲ್ಲಿ ಮಾತ್ರ ಆ ಹುಡುಗನ ಮಾತು ನಿಜ. ತೂಕ ಪಟ್ಟಿಯ ಸಾಲಿನಲ್ಲಿದೆ, ತಾರೀಖು ಪಟ್ಟಿಯಲ್ಲಿದೆ, ತಾಲೂಕು ಸಿಗಬೇಕಾದರೆ ರೈತನಿಂದ ಊರಿಗೆ ಹೋಗಿ ಅಲ್ಲಿಂದ ದಾಟಬೇಕು. 20 ಲಕ್ಷ ಸಾಲನ್ನೂ ಹೀಗೆ ಜೋಡಿಸುವಾಗ ಸಮಯ ಸುಮಾರು ದುಪ್ಪಟ್ಟಾಯಿತು.

ಆದರೆ ನಿಧಾನದ ಆರೋಪ ಬಹಳ ಸಲ ಜಾಯಿನ್ ಮೇಲೆ ಸುಮ್ನೆ ಬೀಳುತ್ತದೆ. ತಪ್ಪಿರುವುದು ಕೀಯಲ್ಲಿ. ನಾನು ಮೊದಲು ಪಟ್ಟಿಯ ಸಾಲಿಗೆ ಅಭ್ಯಾಸಬಲದಿಂದ `line_id` ಅಂತ ಒಂದು ಓಡುವ ನಂಬರ್ ಕೊಟ್ಟು ಅದನ್ನೇ ಪ್ರೈಮರಿ ಕೀ ಮಾಡಿದ್ದೆ. `patti_id` ಬರೀ ಫಾರಿನ್ ಕೀ ಆಗಿತ್ತು. ಪೋಸ್ಟ್‌ಗ್ರೆಸ್ ಪ್ರೈಮರಿ ಕೀಗೆ ತಾನೇ ಇಂಡೆಕ್ಸ್ ಮಾಡಿಕೊಳ್ಳುತ್ತದೆ, ಆದರೆ ಫಾರಿನ್ ಕೀ ಇರುವ ಕಾಲಮ್‌ಗೆ ಮಾಡುವುದಿಲ್ಲ. ಮೈಎಸ್‌ಕ್ಯೂಎಲ್‌ನ ಇನೊಡಿಬಿ ಮಾಡುತ್ತದೆ, ಹಾಗಾಗಿ ಅಲ್ಲಿಂದ ಬಂದವರು ಇಲ್ಲಿ ಎಡವುತ್ತಾರೆ. ನಾನೂ ಎಡವಿದ್ದೆ. ಪತ್ತೆ ಮಾಡುವುದು ಸುಲಭ: ಕ್ವೆರಿಯ ಮುಂದೆ `EXPLAIN ANALYZE` ಹಾಕಿ. ಒಬ್ಬನೇ ರೈತನನ್ನು ಕೇಳಿದಾಗಲೂ ಪಟ್ಟಿಯ ಸಾಲಿನ ಟೇಬಲ್ ಮೇಲೆ `Seq Scan` ಅಂತ ಬಂದರೆ ಅದು 20 ಲಕ್ಷ ಸಾಲನ್ನೂ ಮುಟ್ಟಿ ಬಂದಿದೆ ಅಂತ ಅರ್ಥ.

ಬೇರೆ ಇಂಡೆಕ್ಸ್ ಹಾಕಬಹುದಿತ್ತು. ನಾನು ಕೀಯನ್ನೇ ಬದಲಿಸಿದೆ:

```sql
PRIMARY KEY (patti_id, line_no)
```

ಕಾಗದದ ಪಟ್ಟಿಯಲ್ಲೂ ನಾವು ಹೇಳುವುದು ಹೀಗೇ, "ಇಂಥ ಪಟ್ಟಿಯ ಎರಡನೇ ಸಾಲು" ಅಂತ. ಒಂದೇ ಪಟ್ಟಿಯಲ್ಲಿ ಎರಡು ಸಲ "2ನೇ ಸಾಲು" ಬರುವುದೂ ಇದರಿಂದ ನಿಂತಿತು, `line_id` ಇದ್ದಾಗ ಅದನ್ನು ತಡೆಯುವವರೇ ಇರಲಿಲ್ಲ. ಕ್ರಮ ಮಾತ್ರ ಮುಖ್ಯ. `line_no` ಮೊದಲು ಬರೆದರೆ ಒಂದು ಪಟ್ಟಿಯ ಸಾಲುಗಳನ್ನು ಹುಡುಕಲು ಆ ಇಂಡೆಕ್ಸ್ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಪಟ್ಟಿ ಟೇಬಲ್‌ನ `farmer_id` ಮೇಲೆ ಇನ್ನೊಂದು ಇಂಡೆಕ್ಸ್ ಹಾಕಿದೆ. 190 ಇದ್ದದ್ದು 2ಕ್ಕೆ ಇಳಿಯಿತು.

ಈಗ ಮೊಬೈಲ್ ನಂಬರಿನ ಮಾತು. ಇದನ್ನು ಲ್ಯಾಪ್‌ಟಾಪ್‌ನಲ್ಲಿ ಅಳೆಯಬೇಕಾಗಿರಲಿಲ್ಲ, ಮೊದಲ ಸುಗ್ಗಿಯಲ್ಲೇ ಅನುಭವಿಸಿದ್ದೆ. ಅಪ್ಪ, ಕಾಕಾ ಇಬ್ಬರ ಪಟ್ಟಿಗೂ ಒಬ್ಬನೇ ಮಗನ ನಂಬರ್. ಸುಗ್ಗಿ ಮುಗಿದು ಮುಂದಿನ ವರ್ಷ ಬರುವಷ್ಟರಲ್ಲಿ ಸಿಮ್ ಬೇರೆ. `ON UPDATE CASCADE` ಹಾಕಿದರೆ ನಂಬರ್ ಬದಲಿಸಬಹುದು ನಿಜ, ಆದರೆ ಆ ರೈತನ ಎಲ್ಲ ಪಟ್ಟಿಯನ್ನೂ ತಿದ್ದಬೇಕಾಗುತ್ತದೆ. ಅಪ್ಪ ಮತ್ತು ಕಾಕಾನ ಗೊಂದಲಕ್ಕೆ ಅದೂ ಮದ್ದಲ್ಲ.

ಹಾಗಂತ ಬರೀ `farmer_id` ಸಾಕೇ? ಅದಕ್ಕೆ ಅದರದ್ದೇ ರೋಗ. ಗುಮಾಸ್ತ ಅವಸರದಲ್ಲಿ ಅದೇ ರೈತನನ್ನು ಇನ್ನೊಮ್ಮೆ ಸೇರಿಸಿದರೆ ಹೊಸ ಐಡಿ ಹುಟ್ಟುತ್ತದೆ, ಡೇಟಾಬೇಸ್ ಚಕಾರ ಎತ್ತುವುದಿಲ್ಲ. ನಮ್ಮಲ್ಲಿ ಒಬ್ಬ ರೈತ ಮೂರು ಹೆಸರಲ್ಲಿದ್ದ. ಕೊನೆಗೆ ಉತ್ತರ ಸಿಕ್ಕಿದ್ದು ಮಾವನ ಹಳೆಯ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ. ಅಲ್ಲಿ ಪ್ರತಿ ರೈತನಿಗೆ ಒಂದು ಖಾತೆ ನಂಬರ್ ಇತ್ತು, ರೈತರಿಗೂ ಅದು ಬಾಯಿಪಾಠ. ಈಗ ಜಾಯಿನ್‌ಗೆ `farmer_id`, ಗುರುತಿಗೆ `khata_no`, ಅದರ ಮೇಲೆ `UNIQUE`. ಹೊಸ ಖಾತೆ ತೆರೆಯುವುದು ಮಾವನೇ, ಗುಮಾಸ್ತನಲ್ಲ. ಡಬಲ್ ಎಂಟ್ರಿ ಪೂರ್ತಿ ನಿಂತಿಲ್ಲ, ಬಹಳ ಕಡಿಮೆಯಾಗಿದೆ.

ಒಂದೇ ಟೇಬಲ್ ಸೋತದ್ದು ವೇಗಕ್ಕಿಂತ ಹೆಚ್ಚಾಗಿ ತಿದ್ದುವುದರಲ್ಲಿ. ಯಡ್ರಾಮಿ ಮೊದಲು ಜೇವರ್ಗಿ ತಾಲೂಕಿನಲ್ಲಿತ್ತು, ಆಮೇಲೆ ತಾನೇ ತಾಲೂಕಾಯಿತು. ಕಮಲಾಪುರ, ಕಾಳಗಿ, ಶಹಾಬಾದ್ ಕೂಡ ಹೀಗೇ ಬೇರೆ ತಾಲೂಕುಗಳಿಂದ ಒಡೆದು ಹೊಸ ತಾಲೂಕಾದವು. ಐದು ಟೇಬಲ್‌ನಲ್ಲಿ ಯಾವ ಊರು ಯಾವ ತಾಲೂಕಿನದು ಅಂತ ಬರೆದಿರುವುದು ಊರಿನ ಟೇಬಲ್‌ನಲ್ಲಿ ಮಾತ್ರ, ಹಾಗಾಗಿ ಹೊಸ ತಾಲೂಕಿಗೆ ಒಂದು ಸಾಲು ಸೇರಿಸಿ, ಒಂದು ಊರಿಗೆ ಒಂದೇ ಸಾಲು ತಿದ್ದಿದರೆ ಮುಗಿಯಿತು. ದೊಡ್ಡ ಟೇಬಲ್‌ನಲ್ಲಿ ಸಾವಿರಾರು ಸಾಲು ತಿದ್ದಬೇಕು. ತಿದ್ದಲು ಹೋದಾಗ ಗೊತ್ತಾಗಿದ್ದು, ಒಂದೇ ಕಾಲಮ್‌ನಲ್ಲಿ "ಜೇವರ್ಗಿ", "ಜೇವರಗಿ", "ಜೆವರ್ಗಿ" ಮೂರೂ ಇವೆ. "ಗುಲಬರ್ಗಾ", "ಕಲಬುರ್ಗಿ", "ಕಲಬುರಗಿ" ಕಥೆ ಕೇಳಲೇಬೇಡಿ. ಮೊತ್ತ ಕೂಡಿಸಿದರೆ ಒಂದು ತಾಲೂಕು ಮೂರಾಗಿ ಬರುತ್ತದೆ. 480 ಮಿಲಿಸೆಕೆಂಡಿನಲ್ಲಿ ತಪ್ಪು ಉತ್ತರ.

ಸಾರಾಂಶವನ್ನು ನಾನು ಮೆಟೀರಿಯಲೈಸ್ಡ್ ವ್ಯೂ ಆಗಿ ಇಟ್ಟಿದ್ದೇನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇದು ಓಡುತ್ತದೆ:

```sql
REFRESH MATERIALIZED VIEW CONCURRENTLY taluk_month;
```

`CONCURRENTLY` ಇದ್ದರೆ ಹೊಸದಾಗಿ ತುಂಬುವಾಗಲೂ ಓದಬಹುದು, ಆದರೆ ಅದಕ್ಕೆ ವ್ಯೂ ಮೇಲೆ ಒಂದು ಯೂನಿಕ್ ಇಂಡೆಕ್ಸ್ ಇರಲೇಬೇಕು. ಹಗಲು ತೂಕದ ತಪ್ಪು ತಿದ್ದಿದರೆ ಸಾರಾಂಶಕ್ಕೆ ಗೊತ್ತಾಗುವುದು ರಾತ್ರಿಯೇ. ಸಾರಾಂಶವನ್ನು ಮಾಮೂಲಿ ಟೇಬಲ್ ಆಗಿಟ್ಟು, ಟ್ರಿಗರ್ ಹಾಕಿ ಆಗಿಂದಾಗ ತಿದ್ದುವುದನ್ನೂ ಮಾಡಿ ನೋಡಿದೆ. ಸುಗ್ಗಿಯ ಬೆಳಿಗ್ಗೆ ಇಬ್ಬರು ಗುಮಾಸ್ತರು ಒಂದೇ ತಾಲೂಕಿನ ಪಟ್ಟಿ ಬರೆಯುವಾಗ ಇಬ್ಬರೂ ಸಾರಾಂಶದ ಅದೇ ಸಾಲಿಗೆ ಕೈಹಾಕಿ ಒಬ್ಬರಿಗೊಬ್ಬರು ಕಾಯತೊಡಗಿದರು. ತೆಗೆದುಬಿಟ್ಟೆ. ಈಗ ವರದಿಯ ತಲೆಯ ಮೇಲೆ "ನಿನ್ನೆ ರಾತ್ರಿಯವರೆಗೆ" ಅಂತ ಅಚ್ಚಾಗುತ್ತದೆ, ಮಾವನಿಗೆ ಅಷ್ಟು ಸಾಕು.

ಇನ್ನೊಂದು ತಪ್ಪು ಹೇಳಿಕೊಳ್ಳಬೇಕು, ಅದು ಜಾಸ್ತಿ ನಾರ್ಮಲೈಸ್ ಮಾಡಿದ್ದರಿಂದ ಆದದ್ದು. ಹಮಾಲಿ ಚೀಲಕ್ಕೆ ಇಷ್ಟು ಅಂತ ಒಂದೇ ದರ ತಾನೇ, ಪ್ರತಿ ಸಾಲಿನಲ್ಲಿ ಯಾಕೆ ಬರೆಯಬೇಕು ಅಂತ ಬೇರೆ ಟೇಬಲ್‌ನಲ್ಲಿಟ್ಟಿದ್ದೆ. ದರ 12ರಿಂದ 14 ರೂಪಾಯಿ ಆಯಿತು, ಅಲ್ಲಿ ತಿದ್ದಿದೆ. ಕೆಲವು ವಾರ ಬಿಟ್ಟು ಆಳಂದ ಕಡೆಯ ರೈತರೊಬ್ಬರು 18 ಚೀಲದ ಹಳೆಯ ಪಟ್ಟಿಯ ನಕಲು ಕೇಳಲು ಬಂದರು. ಎರಡೂ ಕಾಗದ ಪಕ್ಕಪಕ್ಕ ಇಟ್ಟು, "ನನ್ನ ಕಾಗದದಾಗ ಹಮಾಲಿ 216 ಅದ, ನಿಮ್ಮ ಕಂಪ್ಯೂಟರ್ ಕಾಗದದಾಗ 252 ಅದ. ಯಾವ್ದು ಖರೆ ಹೇಳ್ರಿ?" ಅಂದರು. ಮಾವ ನನ್ನ ಮುಖ ನೋಡಿದರು.

ಇಂದಿನ ದರ ಬೇರೆ, ಆ ದಿನ ಹಿಡಿದ ದರ ಬೇರೆ. ನೋಡಲು ಒಂದೇ ಅಂಕಿ, ಆದರೆ ಎರಡನೆಯದು ಆ ಸಾಲಿಗೇ ಸೇರಿದ ಮಾಹಿತಿ. ಅದನ್ನು ಸಾಲಿನಲ್ಲಿ ಬರೆದಿಟ್ಟರೆ ನಕಲು ಮಾಡಿದಂತೆ ಆಗುವುದಿಲ್ಲ, ನಾರ್ಮಲ್ ಫಾರ್ಮ್ ಕೂಡ ಮುರಿಯುವುದಿಲ್ಲ. ಈಗ ಪಟ್ಟಿಯ ಸಾಲಿನಲ್ಲಿ `hamali_rate` ಅಂತ ಕಾಲಮ್ ಇದೆ, ಬರೆಯುವಾಗ ಅಂದಿನ ದರ ಅಲ್ಲಿ ಕೂರುತ್ತದೆ.

ಈ ಕಥೆ ಹೇಳಿದ್ದಕ್ಕೇ ಕಾಲೇಜಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದ್ದಳು. "ಹಂಗಂದ್ರ ಸರ್, ಯಡ್ರಾಮಿಯ ಹಳೇ ಪಟ್ಟಿಗೆ ಈಗ ಯಾವ ತಾಲೂಕು? ಜೇವರ್ಗಿನೋ ಯಡ್ರಾಮಿನೋ?" ದರಕ್ಕೆ ಅಂದಿನದು ಇಟ್ಟವರು ತಾಲೂಕಿಗೆ ಇಂದಿನದು ಯಾಕೆ ಇಡಬೇಕು ಅಂತ ಅವಳ ಪ್ರಶ್ನೆ. ಆಗ ತಡಬಡಾಯಿಸಿದೆ. ಮನೆಗೆ ಬಂದು ಮಾವನ ಹಳೆಯ ಪಟ್ಟಿ ಕಟ್ಟು ಬಿಚ್ಚಿ ನೋಡಿದರೆ, ಯಾವ ಪಟ್ಟಿಯಲ್ಲೂ ತಾಲೂಕು ಬರೆದೇ ಇಲ್ಲ. ಊರಿನ ಹೆಸರು ಮಾತ್ರ. ತಾಲೂಕು ಬೇಕಾಗಿರುವುದು ನಮ್ಮ ವರದಿಗೆ, ರೈತನ ಕಾಗದಕ್ಕಲ್ಲ. ಹಾಗಾಗಿ ಅದು ಊರಿನ ಟೇಬಲ್‌ನಲ್ಲೇ ಇದೆ.