ಹತ್ತಿರದ ಅಂಗಡಿ ಹುಡುಕಾಟ: ಐಪಿ ಊಹೆ, ಫೋನಿನ ಲೊಕೇಶನ್, ಜಾಗದ ಹೆಸರು

‘ಹತ್ತಿರದಲ್ಲಿ ಪಂಕ್ಚರ್ ಅಂಗಡಿ’ ಎಂದಷ್ಟೇ ಹುಡುಕಿದರೂ ಉತ್ತರ ಬಂದೇ ಬರುತ್ತದೆ. ನಾವು ಎಲ್ಲಿದ್ದೇವೆ ಅಂತ ಹೇಳಿಯೇ ಇರುವುದಿಲ್ಲ, ಆದರೂ ಪಟ್ಟಿ ಸಿದ್ಧ. ಹಾಗಾದರೆ ಆ ಪಟ್ಟಿ ಯಾವ ಜಾಗದಿಂದ ಅಳೆದದ್ದು? ಇದನ್ನು ನೋಡಲು ಇದೇ ಹುಡುಕಾಟವನ್ನು ಮೂರು ರೀತಿ ಮಾಡಿದೆ: ಲೊಕೇಶನ್ ಆಫ್ ಇಟ್ಟು, ಆನ್ ಮಾಡಿ, ಕೊನೆಗೆ ಜಾಗದ ಹೆಸರನ್ನೇ ಬರೆದು.

ಲೊಕೇಶನ್ ಆಫ್ ಇದ್ದಾಗ ಸೈಟಿಗೆ ಸಿಗುವುದು ಮುಖ್ಯವಾಗಿ ಐಪಿ ವಿಳಾಸ, ಅಂದರೆ ನಮ್ಮ ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ. ಅದನ್ನು ನೋಡಿ ಸೈಟ್ ನಮ್ಮ ಜಾಗ ಊಹಿಸುತ್ತದೆ. ಮೊಬೈಲ್ ಡೇಟಾದಲ್ಲಿ ಅದು ಅನೇಕ ಸಲ ನಮ್ಮ ಫೋನಿಗೇ ಮೀಸಲಾದ ವಿಳಾಸ ಆಗಿರುವುದಿಲ್ಲ. ಎಷ್ಟೋ ಫೋನುಗಳು ಒಂದೇ ವಿಳಾಸ ಹಂಚಿಕೊಂಡು, ಮೊಬೈಲ್ ಕಂಪನಿಯ ಗೇಟ್‌ವೇ ಇರುವ ಊರಿನಿಂದ ಇಂಟರ್‌ನೆಟ್‌ಗೆ ಹೊರಡುತ್ತವೆ. ನನಗೆ ಬಂದ ಪಟ್ಟಿ ಪೂರ್ತಿ ಬೇರೆ ಊರಿನದು. ಅಂಗಡಿಗಳು ನಿಜ, ಫೋನ್ ನಂಬರ್ ನಿಜ, ತೆರೆದಿರುವ ಸಮಯವೂ ನಿಜ. ಮೊದಲನೆಯದರ ಪಕ್ಕದಲ್ಲಿ ‘800 ಮೀ’ ಅಂತ ಬೇರೆ ಇತ್ತು. ಆ 800 ಮೀಟರ್ ನನ್ನಿಂದ ಅಲ್ಲ, ಊಹಿಸಿದ ಬಿಂದುವಿನಿಂದ. ಊಹೆಯ ದೊಡ್ಡ ತೊಂದರೆ ಇದೇ: ತಪ್ಪು ಉತ್ತರವೂ ಸರಿ ಉತ್ತರದ ಹಾಗೆಯೇ ಕಾಣುತ್ತದೆ. ಕಿಲೋಮೀಟರ್ ಲೆಕ್ಕ ನೋಡಿದ ಕೂಡಲೇ ನಾವು ನಂಬಿಬಿಡುತ್ತೇವೆ, ಅಲ್ವಾ?

ಇದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಅಮೆರಿಕದ ಕಾನ್ಸಾಸ್‌ನಲ್ಲಿ ನಡೆದದ್ದು ನೋಡಿ. ಯಾವ ಐಪಿ ವಿಳಾಸ ಯಾವ ಜಾಗದ್ದು ಎಂದು ಹೇಳುವ ಮ್ಯಾಕ್ಸ್‌ಮೈಂಡ್ ಕಂಪನಿಯ ಪಟ್ಟಿಯಲ್ಲಿ, ‘ಅಮೆರಿಕ’ ಎಂಬುದಕ್ಕಿಂತ ಹೆಚ್ಚೇನೂ ಗೊತ್ತಿಲ್ಲದ ವಿಳಾಸಗಳಿಗೆಲ್ಲ ದೇಶದ ಮಧ್ಯದ ಒಂದು ಬಿಂದು ಕೊಟ್ಟಿದ್ದರು: 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ. ಅದು ಪಾಟ್ವಿನ್ ಎಂಬ ಸಣ್ಣ ಊರಿನ ಬಳಿಯ ಒಂದು ತೋಟದ ಮನೆ. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಅಲ್ಲಿಗೆ ಅಂಟಿಕೊಂಡಿದ್ದವು. ವಂಚಕರನ್ನು ಹುಡುಕುತ್ತಾ ಪೊಲೀಸರು, ಜನ ಎಲ್ಲರೂ ಆ ಮನೆಯ ಬಾಗಿಲಿಗೆ ಬರುತ್ತಿದ್ದರು. 2016ರಲ್ಲಿ ವಿಷಯ ಹೊರಬಂದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಜಲಾಶಯದ ನೀರಿಗೆ ಸರಿಸಿತು. ‘ಗೊತ್ತಿಲ್ಲ’ ಎನ್ನಬೇಕಾದ ಕಡೆ ಒಂದು ಬಿಂದು ಇಟ್ಟದ್ದರಿಂದಲೇ ಇಷ್ಟೆಲ್ಲ ಆಗಿದ್ದು.

ಲೊಕೇಶನ್ ಆನ್ ಮಾಡಿದಾಗ ಪರಿಸ್ಥಿತಿಯೇ ಬದಲಾಯಿತು. ಬಯಲಿನಲ್ಲಿ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಹಿಡಿಯುತ್ತದೆ. ಕಟ್ಟಡದ ಒಳಗೆ ಸುತ್ತಲಿನ ವೈಫೈ ನೋಡಿ ಲೆಕ್ಕ ಹಾಕುವುದರಿಂದ ಅಷ್ಟು ನಿಖರವಲ್ಲ. ಆದರೆ ಒಂದು ವಿಷಯದಲ್ಲಿ ಇದು ತುಂಬಾ ಪ್ರಾಮಾಣಿಕ: ಬ್ರೌಸರ್ ಅಕ್ಷಾಂಶ, ರೇಖಾಂಶದ ಜೊತೆಗೆ `coords.accuracy` ಅಂತ ಮೀಟರ್ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನೂ ಕೊಡುತ್ತದೆ. 20 ಬಂದರೆ ಮುಂದಿನ ತಿರುವಿನ ಅಂಗಡಿಯನ್ನೂ ನಂಬಬಹುದು. 2000 ಬಂದರೆ ‘800 ಮೀ’ ಎಂಬ ಮಾತಿಗೆ ಅರ್ಥವೇ ಇಲ್ಲ. ಮ್ಯಾಪಿನಲ್ಲಿ ನೀಲಿ ಚುಕ್ಕೆಯ ಸುತ್ತ ಕಾಣುವ ತೆಳು ವೃತ್ತ ಇದೇ. ಆಂಡ್ರಾಯ್ಡ್ 12ರಿಂದ ‘ಅಂದಾಜು ಲೊಕೇಶನ್’ ಮಾತ್ರ ಕೊಡುವ ಆಯ್ಕೆಯೂ ಇದೆ. ಪಂಕ್ಚರ್ ಆದ ಬೈಕ್ ತಳ್ಳುವವರಿಗೆ ಅದು ಸಾಲದು.

ಹಾಗಂತ ಇದೇ ಎಲ್ಲದಕ್ಕೂ ಮದ್ದಲ್ಲ. ದೂರದ ಊರಿನಲ್ಲಿರುವ ಅಮ್ಮನಿಗಾಗಿ ಔಷಧಿ ಅಂಗಡಿ ಹುಡುಕುವಾಗ ನನ್ನ ಫೋನು ನನ್ನ ಜಾಗವನ್ನು ಎಷ್ಟು ನಿಖರವಾಗಿ ಹೇಳಿದರೂ ಪಟ್ಟಿ ತಪ್ಪೇ. ಅಳತೆ ಸರಿ, ಮನುಷ್ಯರೇ ಬೇರೆ. ಇಲ್ಲಿ ಗೆದ್ದದ್ದು ಮೂರನೆಯ ದಾರಿ, ಅಂದರೆ ಜಾಗದ ಹೆಸರು ಬರೆಯುವುದು.

ಅದರಲ್ಲೂ ಎಷ್ಟು ಬರೆಯುತ್ತೇವೆ ಎನ್ನುವುದು ಮುಖ್ಯ. ಸುಮ್ನೆ ಊರಿನ ಹೆಸರು ಹಾಕಿದರೆ ಹುಡುಕಾಟ ಊರಿನ ನಡುಮಧ್ಯದಿಂದ ಅಳೆಯಬಹುದು. ಒಂದೇ ಹೆಸರಿನ ಬಡಾವಣೆ ಎರಡು ಊರಿನಲ್ಲಿ ಇದ್ದರಂತೂ ಗೊಂದಲ. ಊರು, ಬಡಾವಣೆ, ಎಲ್ಲರಿಗೂ ಗೊತ್ತಿರುವ ಒಂದು ಗುರುತು – ಈ ಮೂರನ್ನೂ ಸೇರಿಸಿದಾಗ ನನಗೆ ಸರಿಯಾದ ಪಟ್ಟಿ ಬಂತು. ಟೈಪ್ ಮಾಡುವುದು ಸ್ವಲ್ಪ ಜಾಸ್ತಿ, ಅಷ್ಟೇ.

ನನ್ನ ಆಯ್ಕೆ ಇಷ್ಟು: ನಾನೇ ಬೀದಿಯಲ್ಲಿದ್ದರೆ ನಿಖರ ಲೊಕೇಶನ್, ಬೇರೆಯವರಿಗಾದರೆ ಜಾಗದ ಹೆಸರು. ಐಪಿ ಊಹೆ ಹವಾಮಾನ ನೋಡಲು ಆದೀತು, ಅದೂ ಊರು ಸರಿಯಿದ್ದರೆ. ಇನ್ನು ಯಾರಾದರೂ ಫೋನಿನಲ್ಲಿ ‘ಹತ್ತಿರದಲ್ಲಿ ಪ್ಲಂಬರ್ ಯಾರಾದ್ರೂ ಇದ್ದಾರಾ?’ ಎಂದು ಕೇಳಿದರೆ, ಅವರ ಎಸ್‌ಟಿಡಿ ಕೋಡ್ ನೋಡಿ ಊಹಿಸಲು ಹೋಗುವುದಿಲ್ಲ. ‘ಈಗ ಎಲ್ಲಿದ್ದೀರಿ, ಪಕ್ಕದಲ್ಲಿ ಏನಿದೆ?’ ಎಂದು ಮೊದಲು ಕೇಳುತ್ತೇನೆ.