ನೂರು ಕಿಲೋಮೀಟರ್ ಓಟ ಎಷ್ಟು ಗಂಟೆಗೆ ಮುಗಿದೀತು? ನಾನು ಬಳಸಿ ನೋಡಿದ ಲೆಕ್ಕಗಳ ಹೋಲಿಕೆ

ಮ್ಯಾರಥಾನ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಸರಾಸರಿ ಪೇಸಿನಿಂದ, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯದಿಂದ, ಬಹುಮಟ್ಟಿಗೆ ಸರಿಯಾಗಿಯೇ ಊಹಿಸಬಹುದು. 100 ಕಿ.ಮೀ. ಅಲ್ಟ್ರಾ ಓಟದಲ್ಲಿ ಹಾಗೆ ಮಾಡಿದರೆ ಅಂದಾಜು ಒಂದೆರಡು ಗಂಟೆಯಷ್ಟು ತಪ್ಪಿಹೋಗಬಹುದು, ಏಕೆಂದರೆ ಇಲ್ಲಿ ಗಂಟೆಗಂಟೆಗೂ ಪೇಸ್ ಇಳಿಯುತ್ತದೆ ಮತ್ತು ದಾರಿಯಲ್ಲಿ ನೀರು, ತಿನಿಸು ಸಿಗುವ ಏಡ್ ಸ್ಟೇಷನ್‌ಗಳಲ್ಲಿ ನಿಂತ ಹೊತ್ತು ಸೇರುತ್ತಾ ಹೋಗುತ್ತದೆ. ಈ ಎರಡನ್ನೂ ಲೆಕ್ಕಕ್ಕೆ ಹಿಡಿಯಲು ಓಟಗಾರರು ಬಳಸುವ ಕೆಲವು ವಿಧಾನಗಳನ್ನು ನಾನು ಬೆಂಗಳೂರಿನ ಹೊರವಲಯದ ಸಮತಟ್ಟಾದ ದಾರಿಗಳಲ್ಲಿ ಓಡುತ್ತಾ ಹೋಲಿಸಿ ನೋಡಿದ್ದೇನೆ. ಏರುತಗ್ಗಿನ ಕಾಡುದಾರಿಯ ಓಟಕ್ಕೆ ಈ ಲೆಕ್ಕಗಳನ್ನು ಹಾಗೆಯೇ ಒಯ್ಯಲು ಬರುವುದಿಲ್ಲ. ಅಲ್ಲಿ ಪೇಸನ್ನು ನಿರ್ಧರಿಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ಏರು.

ಹೋಲಿಕೆಗೆ ಒಂದೇ ಆಧಾರವಿರಬೇಕು. ನಾನು ಇಟ್ಟುಕೊಂಡದ್ದು ಆರು ಗಂಟೆಗಳ ಒಂದು ದೀರ್ಘ ಓಟವನ್ನು. ಮೊದಲ ಗಂಟೆಯ ಪೇಸ್ ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡ್, ಅಂದರೆ ಗಂಟೆಗೆ 9 ಕಿ.ಮೀ. ಆರನೆಯ ಗಂಟೆಯ ಪೇಸ್ 7 ನಿಮಿಷ 30 ಸೆಕೆಂಡ್, ಅಂದರೆ ಗಂಟೆಗೆ 8 ಕಿ.ಮೀ. ನಿಂತ ಹೊತ್ತನ್ನು ಬಿಟ್ಟು ಲೆಕ್ಕ ಹಾಕಿದರೆ ಆರು ಗಂಟೆಯಲ್ಲಿ ಸುಮಾರು 51 ಕಿ.ಮೀ. ದೂರ. ಇದರ ಸರಾಸರಿಯನ್ನೇ 100 ಕಿ.ಮೀ.ಗೆ ಹಿಗ್ಗಿಸಿದರೆ 11 ಗಂಟೆ 46 ನಿಮಿಷ ಬರುತ್ತದೆ. ಮುಂದಿನ ಲೆಕ್ಕಗಳನ್ನು ನೋಡಿದ ಮೇಲೆ ಈ ಸಂಖ್ಯೆಯನ್ನು ಯಾರೂ ನೆಚ್ಚಲಾರರು.

ಇದೇ ಆರು ಗಂಟೆಗಳ ಇಳಿಕೆಯನ್ನು ಮೂರು ರೀತಿಯಲ್ಲಿ ಹೇಳಬಹುದು. ವೇಗ ಪ್ರತಿ ಗಂಟೆಗೆ 0.2 ಕಿ.ಮೀ.ಯಷ್ಟು ಕಡಿಮೆಯಾಯಿತು ಎನ್ನುವುದು ಒಂದು. ವೇಗ ಪ್ರತಿ ಗಂಟೆಗೆ ಶೇಕಡಾ 2.3ರಷ್ಟು ಇಳಿಯಿತು ಎನ್ನುವುದು ಇನ್ನೊಂದು. ಪೇಸ್ ಪ್ರತಿ ಗಂಟೆಗೆ ಕಿಲೋಮೀಟರಿಗೆ 10 ಸೆಕೆಂಡ್ ಹೆಚ್ಚಾಯಿತು ಎನ್ನುವುದು ಮೂರನೆಯದು. ಆರನೆಯ ಗಂಟೆಯವರೆಗೆ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಸಾಗುತ್ತವೆ. ಅಲ್ಲಿಂದ ಮುಂದಕ್ಕೆ ಎಳೆದಾಗ ಮೊದಲನೆಯದು ಓಡುವ ಸಮಯವನ್ನು 12 ಗಂಟೆ 47 ನಿಮಿಷ ಎಂದೂ, ಎರಡನೆಯದು 12 ಗಂಟೆ 43 ನಿಮಿಷದ ಆಸುಪಾಸು ಎಂದೂ, ಮೂರನೆಯದು 12 ಗಂಟೆ 39 ನಿಮಿಷ ಎಂದೂ ತೋರಿಸುತ್ತದೆ. ಯಾವ ಸೂತ್ರ ಉತ್ತಮ ಎಂದು ಓಟಗಾರರು ಬಹಳ ಹೊತ್ತು ಚರ್ಚಿಸುವುದುಂಟು. ಇಳಿಕೆ ಇಷ್ಟು ಮೆಲ್ಲಗಿದ್ದರೆ ಆ ಚರ್ಚೆಯ ಬೆಲೆ ಎಂಟು ನಿಮಿಷ ಮಾತ್ರ.

ಇಳಿಕೆ ಜೋರಾದಾಗ ಚಿತ್ರ ಬದಲಾಗುತ್ತದೆ. ಬಿಸಿಲಿನ ದಿನವೋ, ತಯಾರಿ ಸಾಲದ ಓಟವೋ ಆಗಿ ಇಳಿಕೆ ಇಮ್ಮಡಿಯಾಯಿತು ಎಂದುಕೊಳ್ಳೋಣ. ಗಂಟೆಗೆ 20 ಸೆಕೆಂಡ್ ಪೇಸ್ ಏರಿಸುವ ಲೆಕ್ಕ 14 ಗಂಟೆ 30 ನಿಮಿಷ ಕೊಡುತ್ತದೆ. ಗಂಟೆಗೆ 0.4 ಕಿ.ಮೀ. ವೇಗ ಇಳಿಸುವ ಲೆಕ್ಕ 17 ಗಂಟೆ 38 ನಿಮಿಷ ಕೊಡುತ್ತದೆ. ಮೂರು ಗಂಟೆಗೂ ಮೀರಿದ ಈ ಅಂತರ ಎಲ್ಲಿಂದ ಬಂತು ಎಂದು ಹುಡುಕಿದರೆ, ಎರಡನೆಯ ಲೆಕ್ಕ ಕೊನೆಯ ಗಂಟೆಯಲ್ಲಿ ಓಟಗಾರನನ್ನು ಗಂಟೆಗೆ 2.2 ಕಿ.ಮೀ. ವೇಗದಲ್ಲಿ ನಡೆಸುತ್ತಿರುತ್ತದೆ. ಎಷ್ಟೇ ದಣಿದರೂ, ಗಾಯವಾಗಿಲ್ಲದ ಓಟಗಾರ ಅಷ್ಟು ನಿಧಾನವಾಗಿ ನಡೆಯುವುದಿಲ್ಲ. ಶೇಕಡಾವಾರು ಲೆಕ್ಕದಲ್ಲೂ ಇಂಥದೇ ಒಂದು ಕುಣಿಕೆ ಇದೆ: ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೊರಟು ಪ್ರತಿ ಗಂಟೆಗೆ ಶೇಕಡಾ 10 ಕಳೆದುಕೊಳ್ಳುವವನು, ಆ ಲೆಕ್ಕದ ಪ್ರಕಾರ, ಎಷ್ಟು ದಿನ ಓಡಿದರೂ 100 ಕಿ.ಮೀ. ಮುಟ್ಟುವುದೇ ಇಲ್ಲ.

ಆದ್ದರಿಂದ ಯಾವ ಲೆಕ್ಕ ಹಿಡಿದರೂ ಅದಕ್ಕೊಂದು ತಳ ಹಾಕಬೇಕು. ದಣಿದ ಮೇಲೆ ನೀವು ಎಷ್ಟು ಬಿರುಸಾಗಿ ನಡೆಯಬಲ್ಲಿರೋ ಅದೇ ಆ ತಳ. ನನ್ನದು ಗಂಟೆಗೆ 5.5 ಕಿ.ಮೀ., ಎಂದರೆ ಕಿಲೋಮೀಟರಿಗೆ ಸುಮಾರು 11 ನಿಮಿಷ. ಈ ತಳ ಹಾಕಿದ ತಕ್ಷಣ 17 ಗಂಟೆ 38 ನಿಮಿಷದ ಅಂದಾಜು 15 ಗಂಟೆ 4 ನಿಮಿಷಕ್ಕೆ ಇಳಿಯುತ್ತದೆ ಮತ್ತು ಸೂತ್ರಗಳ ನಡುವಿನ ಅಂತರ ಅರ್ಧ ಗಂಟೆಯ ಸುಮಾರಿಗೆ ಬರುತ್ತದೆ. ಸೂತ್ರವನ್ನು ಆರಿಸುವುದಕ್ಕಿಂತ ನಡಿಗೆಯ ವೇಗವನ್ನು ಒಮ್ಮೆ ಅಳೆದುಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಬೆಳಿಗ್ಗೆ ದಣಿಯದ ಕಾಲಿನಲ್ಲಿ ಅಳೆಯದೆ, ದೀರ್ಘ ಓಟದ ಕೊನೆಯಲ್ಲಿ ಅಳೆಯಬೇಕು.

ಮೂರರಲ್ಲಿ ನಾನು ಉಳಿಸಿಕೊಂಡದ್ದು ಪೇಸಿಗೆ ಸೆಕೆಂಡ್ ಸೇರಿಸುವ ಲೆಕ್ಕವನ್ನು. ಕೈಗಡಿಯಾರ ತೋರಿಸುವುದೇ ಪೇಸ್ ಆದ್ದರಿಂದ ಎಂಟನೆಯ ಗಂಟೆಯಲ್ಲಿ 7 ನಿಮಿಷ 50 ಸೆಕೆಂಡ್ ಇರಬೇಕು ಎಂಬುದನ್ನು ಓಡುತ್ತಲೇ ತಾಳೆ ನೋಡಬಹುದು. ಶೇಕಡಾವಾರು ಲೆಕ್ಕವನ್ನು ಅರವತ್ತು ಕಿಲೋಮೀಟರ್ ಕಳೆದ ತಲೆಯಲ್ಲಿ ಮಾಡಲಾಗುವುದಿಲ್ಲ.

ಇನ್ನು ಏಡ್ ಸ್ಟೇಷನ್‌ಗಳ ವಿಷಯ. ಪ್ರತಿ 10 ಕಿ.ಮೀ.ಗೆ ಒಂದರಂತೆ ಇದ್ದರೆ ನಿಲುಗಡೆಗಳು ಹತ್ತಲ್ಲ, ಒಂಬತ್ತು. ಕೊನೆಯದು ಮುಕ್ತಾಯದ ಗೆರೆ. ತಲಾ 5 ನಿಮಿಷವೆಂದರೆ 45 ನಿಮಿಷ. ಇದನ್ನು ಲೆಕ್ಕಕ್ಕೆ ಸೇರಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಓಡುವ ಸಮಯವನ್ನು ಪೂರ್ತಿ ಲೆಕ್ಕ ಹಾಕಿ ಕೊನೆಯಲ್ಲಿ 45 ನಿಮಿಷ ಕೂಡಿಸುತ್ತೇವೆ. ಆಗ 13 ಗಂಟೆ 24 ನಿಮಿಷ. ಎರಡನೆಯದರಲ್ಲಿ ಪೇಸಿನ ಇಳಿಕೆಯನ್ನು ಗೋಡೆಯ ಗಡಿಯಾರಕ್ಕೆ ಕಟ್ಟುತ್ತೇವೆ; ನಿಂತಾಗಲೂ ಗಂಟೆ ಸರಿಯುತ್ತದೆ, ಮುಂದಿನ ಗಂಟೆಯ ನಿಧಾನ ಪೇಸ್ ಬೇಗ ಬಂದು ಸೇರುತ್ತದೆ; ಆಗ 13 ಗಂಟೆ 31 ನಿಮಿಷ. ಅಂದರೆ 45 ನಿಮಿಷದ ನಿಲುಗಡೆಗೆ ತೆರುವ ಬೆಲೆ 52 ನಿಮಿಷ.

ನಿಂತಾಗ ದೇಹಕ್ಕೆ ವಿಶ್ರಾಂತಿ ಸಿಗುತ್ತದೆಯಲ್ಲ, ಇಳಿಕೆಯನ್ನು ಓಡಿದ ಸಮಯಕ್ಕೆ ಮಾತ್ರ ಕಟ್ಟಬಾರದೇಕೆ ಎಂದು ಕೇಳುವವರಿದ್ದಾರೆ. ಐದು ನಿಮಿಷದ ನಿಲುಗಡೆಯ ನಂತರದ ಮೊದಲ ಕಿಲೋಮೀಟರನ್ನು ಬೇರೆಯಾಗಿ ನೋಡಿದಾಗಲೆಲ್ಲ, ಬಿಗಿದ ಕಾಲುಗಳಿಂದಾಗಿ ಅದು ಹಿಂದಿನದಕ್ಕಿಂತ ನಿಧಾನವಾಗಿರುವುದನ್ನೇ ನಾನು ಕಂಡಿದ್ದೇನೆ. ಏರುವ ಬಿಸಿಲು, ನಿದ್ದೆಗೆಟ್ಟ ಆಯಾಸ, ಕೆಡುವ ಹೊಟ್ಟೆ ಇವೆಲ್ಲವೂ ಗಡಿಯಾರದ ಜೊತೆಗೇ ನಡೆಯುತ್ತವೆ. ಹಾಗಾಗಿ ನನ್ನ ಆಯ್ಕೆ ಎರಡನೆಯ ದಾರಿ. ಅದನ್ನು ಸ್ಪ್ರೆಡ್‌ಶೀಟಿನಲ್ಲಿ ಕಿಲೋಮೀಟರಿಗೊಂದು ಸಾಲಿನಂತೆ ಬರೆಯುವುದು ಸುಲಭ. A ಕಾಲಮ್‌ನಲ್ಲಿ 0ಯಿಂದ 100ರವರೆಗೆ ಕಿಲೋಮೀಟರ್, B2ರಲ್ಲಿ 0, B3ರಿಂದ ಕೆಳಕ್ಕೆ ಸೆಕೆಂಡುಗಳಲ್ಲಿ ಕಳೆದ ಸಮಯ:

```
=B2+400+10*INT(B2/3600)+IF(AND(MOD(A3,10)=0,A3<100),300,0)
```

ಇಲ್ಲಿ 400 ಎಂಬುದು ಮೊದಲ ಗಂಟೆಯ ಪೇಸ್, 10 ಎಂಬುದು ಗಂಟೆಗಂಟೆಯ ಇಳಿಕೆ, 300 ಎಂಬುದು ನಿಲುಗಡೆ. `A3<100` ಎಂಬ ಷರತ್ತನ್ನು ಬಿಟ್ಟರೆ ಮುಕ್ತಾಯದ ಗೆರೆಯಲ್ಲೂ ಐದು ನಿಮಿಷ ನಿಲ್ಲಿಸಿಬಿಡುತ್ತದೆ. ಪೇಸ್ ಬದಲಾಗುವುದು ಕಿಲೋಮೀಟರಿನ ಆರಂಭದಲ್ಲಿ ಮಾತ್ರವಾದ್ದರಿಂದ ಉತ್ತರದಲ್ಲಿ ಒಂದೆರಡು ನಿಮಿಷದೊಳಗಿನ ವ್ಯತ್ಯಾಸ ಬರಬಹುದು. ಹಾಳೆಯ ನಿಜವಾದ ಲಾಭ ನಡುವಿನ ಸಾಲುಗಳಲ್ಲಿದೆ. ನಿಲುಗಡೆಯಿರುವ ಸಾಲಿನಲ್ಲಿ ಆ ಐದು ನಿಮಿಷವೂ ಸೇರಿರುತ್ತದೆ; ಅದನ್ನು ಕಳೆದರೆ 50 ಕಿ.ಮೀ. ತಲುಪುವುದು 6 ಗಂಟೆ 14 ನಿಮಿಷಕ್ಕೆ, 80 ಕಿ.ಮೀ. ತಲುಪುವುದು 10 ಗಂಟೆ 28 ನಿಮಿಷಕ್ಕೆ. ಎರಡನೆಯ ಅರ್ಧಕ್ಕೆ ಮೊದಲನೆಯದಕ್ಕಿಂತ ಒಂದು ಗಂಟೆ ಹೆಚ್ಚು ಬೇಕೆಂಬುದು ಮೊದಲೇ ತಿಳಿದಿದ್ದರೆ, ಐವತ್ತರಲ್ಲಿ ಗಡಿಯಾರ ನೋಡಿ ಅದನ್ನು ಇಮ್ಮಡಿಸಿಕೊಳ್ಳುವ ಆಸೆ ಹುಟ್ಟುವುದಿಲ್ಲ.

ಐದು ನಿಮಿಷ ಎಂಬ ಅಂದಾಜನ್ನೂ ಹತ್ತಿರದಿಂದ ನೋಡಬೇಕು. ಮೇಜಿನ ಬಳಿ ಬರುವ ಮೊದಲೇ ಬಾಟಲಿಯ ಮುಚ್ಚಳ ತೆಗೆದಿದ್ದರೆ ಎರಡು ಬಾಟಲಿಗೆ ನೀರು ಮತ್ತು ಓಆರ್‌ಎಸ್ ತುಂಬಲು ಒಂದು ನಿಮಿಷ ಸಾಕು. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿ ಬಾಯಿಗಿಟ್ಟುಕೊಂಡು, ಒಂದು ಲೋಟ ಮಜ್ಜಿಗೆ ಕುಡಿದು, ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ನಡೆಯುತ್ತಾ ತಿಂದರೆ ಇನ್ನೊಂದು ನಿಮಿಷ. ಶೂ ಬಿಚ್ಚಿದ ಕ್ಷಣದಿಂದ ಲೆಕ್ಕವೇ ಬೇರೆ: ಕಾಲುಚೀಲ ಬದಲಿಸಿ, ಬೊಕ್ಕೆಗೆ ಟೇಪ್ ಸುತ್ತಿ, ಊದಿದ ಪಾದಕ್ಕೆ ಲೇಸ್ ಸಡಿಲಿಸಿ ಕಟ್ಟುವಷ್ಟರಲ್ಲಿ ಹತ್ತು ನಿಮಿಷ ಮೀರುತ್ತದೆ. ಎಲ್ಲ ನಿಲುಗಡೆಗೂ ಸಮನಾಗಿ ಐದು ನಿಮಿಷ ಹಂಚುವುದಕ್ಕಿಂತ, ಮೊದಲೇ ಕಳುಹಿಸಿಟ್ಟ ನಮ್ಮ ಸಾಮಾನಿನ ಡ್ರಾಪ್ ಬ್ಯಾಗ್ ಇರುವ ಒಂದು ಕಡೆ 13 ನಿಮಿಷ, ಉಳಿದ ಎಂಟರಲ್ಲಿ 4 ನಿಮಿಷ ಎಂದು ಹಂಚಿದ ಯೋಜನೆ ನನ್ನ ಓಟಗಳಿಗೆ ಹೆಚ್ಚು ಹೊಂದಿಕೊಂಡಿದೆ. ಮೊತ್ತ ಅದೇ 45. ನಿಮ್ಮ ಮೊತ್ತ ಎಷ್ಟೆಂದು ತಿಳಿಯಲು ನಿಂತಾಗ ತಾನೇ ಎಣಿಕೆ ನಿಲ್ಲಿಸುವ ಗಡಿಯಾರದ ಆಟೋ ಪಾಜ್ ದಾಖಲೆಯಲ್ಲಿ ಒಟ್ಟು ಕಳೆದ ಸಮಯದಿಂದ ಚಲಿಸಿದ ಸಮಯವನ್ನು ಕಳೆಯಿರಿ.

ಇಷ್ಟೆಲ್ಲ ಕೂಡಿ ಕಳೆಯುವುದರ ಮಹತ್ವ ಓಟದ ಕಟ್‌ಆಫ್ ಮೇಲೆ, ಅಂದರೆ ಓಟ ಮುಗಿಸಲು ಕೊಡುವ ಸಮಯದ ಮಿತಿಯ ಮೇಲೆ ನಿಂತಿದೆ. ಇಟಲಿಯ ಫ್ಲಾರೆನ್ಸ್‌ನಿಂದ ಫಾಯೆಂಜಾವರೆಗೆ ನಡೆಯುವ ಪಸ್ಸಾತೋರೆ ಓಟಕ್ಕೆ 20 ಗಂಟೆ ಕೊಡುತ್ತಾರೆ. ಅಂಥ ಕಡೆ ಹತ್ತು ನಿಮಿಷ ಹೆಚ್ಚು ಕೂತರೆ ಏನೂ ಕೆಡುವುದಿಲ್ಲ. ಜಪಾನಿನ ಸರೋಮಾ ಸರೋವರದ 100 ಕಿ.ಮೀ. ಓಟಕ್ಕೆ ಮಿತಿ 13 ಗಂಟೆ. ನಿಲುಗಡೆಯಿಲ್ಲದ 12 ಗಂಟೆ 39 ನಿಮಿಷದ ಅಂದಾಜು ಇಲ್ಲಿ ಧೈರ್ಯ ತುಂಬುತ್ತದೆ, 13 ಗಂಟೆ 31 ನಿಮಿಷದ ಅಂದಾಜು ನಿಜ ಹೇಳುತ್ತದೆ. ಮೇಲುನೋಟಕ್ಕೆ 21 ನಿಮಿಷ ಉಳಿದಂತೆ ಕಂಡರೂ, ನಿಂತ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ನಿಮಿಷ ತೆರಬೇಕಾದ್ದರಿಂದ ಒಂಬತ್ತು ನಿಲುಗಡೆಗೆ ಸಿಗುವುದು ಒಟ್ಟು 18 ನಿಮಿಷದಷ್ಟು, ತಲಾ ಎರಡು. ಬಾಟಲಿ ತುಂಬಿ ಹೊರಡುವುದಷ್ಟೇ ಸಾಧ್ಯ, ಶೂ ಬಿಚ್ಚುವಂತಿಲ್ಲ.

ಅದಕ್ಕಿಂತ ಹೆಚ್ಚು ಬಿಡುವು ಬೇಕಿದ್ದರೆ ಅದು ಇಳಿಕೆಯಲ್ಲಿ ಸಿಗಬೇಕು. ಗಂಟೆಗೆ 10 ಸೆಕೆಂಡ್ ಬದಲು 9 ಸೆಕೆಂಡ್ ಮಾತ್ರ ಏರುವಂತೆ ಓಡಿದರೆ ಓಡುವ ಸಮಯ 12 ಗಂಟೆ 29 ನಿಮಿಷವಾಗುತ್ತದೆ. ಒಂದು ಸೆಕೆಂಡಿಗೆ ಹತ್ತು ನಿಮಿಷ. ಇದನ್ನು ನಿಧಾನ ಆರಂಭದಿಂದ ಗಳಿಸಬಹುದು ಎಂಬುದು ಸಾಮಾನ್ಯ ಸಲಹೆ, ಆದರೆ ಅದಕ್ಕೂ ಅಳತೆ ಇದೆ. ಮೊದಲ ಗಂಟೆಯ ಪೇಸನ್ನು 6 ನಿಮಿಷ 50 ಸೆಕೆಂಡಿಗೆ ಇಳಿಸಿ, ಅದರಿಂದ ಇಳಿಕೆ 8 ಸೆಕೆಂಡಿಗೆ ಬಂದರೆ ಓಡುವ ಸಮಯ 12 ಗಂಟೆ 38 ನಿಮಿಷ, ಅಂದರೆ ಮೊದಲಿನ 12 ಗಂಟೆ 39 ನಿಮಿಷಕ್ಕೂ ಇದಕ್ಕೂ ಬರೀ ಒಂದು ನಿಮಿಷದ ವ್ಯತ್ಯಾಸ. ಹತ್ತು ಸೆಕೆಂಡ್ ನಿಧಾನವಾಗಿ ಹೊರಟವನಿಗೆ ಇಳಿಕೆಯಲ್ಲಿ ಎರಡಕ್ಕಿಂತ ಹೆಚ್ಚು ಸೆಕೆಂಡ್ ಉಳಿದರೆ ಮಾತ್ರ ಲಾಭ. ತಂಪಾದ ಬೆಳಗಿನ ಆರು ಗಂಟೆಗಳ ಅಭ್ಯಾಸದಲ್ಲಿ ಎರಡೂ ರೀತಿ ಹೊರಟು ನೋಡಿ, ಆರನೆಯ ಗಂಟೆಯ ಪೇಸ್ 7 ನಿಮಿಷ 30 ಸೆಕೆಂಡಿಗಿಂತ ಒಳಗೆ ನಿಂತರೆ ಮಾತ್ರ ನಾನು ನಿಧಾನ ಆರಂಭವನ್ನು ಹಾಳೆಗೆ ಬರೆದುಕೊಳ್ಳುತ್ತೇನೆ.